ತೊಂಬತ್ನಾಲ್ಕರಲ್ಲಿ ನಿಂತುಹೋದ ವೇಗ: ಹಳೆಯ ರೌಟರಿನ ನೂರು ಮೆಗಾಬಿಟ್ ಪೋರ್ಟ್ ಕುರಿತ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಇದು ಹನ್ನೊಂದು ಮಂದಿ ಕೆಲಸ ಮಾಡುವ ಒಂದು ವಿನ್ಯಾಸ ಕಚೇರಿಯ ಪ್ರಕರಣ. ಕಚೇರಿ, ಊರು, ಸೇವಾ ಸಂಸ್ಥೆ ಮತ್ತು ಉಪಕರಣ ತಯಾರಕರ ಗುರುತುಗಳನ್ನು ಕೈಬಿಟ್ಟಿದ್ದೇನೆ. ಅಳತೆಗಳನ್ನೂ ಘಟನೆಗಳ ಕ್ರಮವನ್ನೂ ಇದ್ದ ಹಾಗೆಯೇ ಉಳಿಸಿಕೊಂಡಿದ್ದೇನೆ.

ಕಚೇರಿಯ ಜಾಲ ಸರಳವಾಗಿತ್ತು. ಗೋಡೆಯ ಮೇಲಿನ ಓಎನ್‌ಟಿ, ಅಂದರೆ ಫೈಬರಿನ ಬೆಳಕಿನ ಸಂಕೇತವನ್ನು ಈಥರ್ನೆಟ್‌ಗೆ ಬದಲಿಸುವ ಪೆಟ್ಟಿಗೆ, ಒಂದು ಕೇಬಲ್ ಮೂಲಕ ರೌಟರಿನ ವ್ಯಾನ್ ಪೋರ್ಟಿಗೆ, ಅಂದರೆ ಹೊರಗಿನ ಸಾಲಿಗೆಂದೇ ಇರುವ ಕಿಂಡಿಗೆ, ಸೇರುತ್ತಿತ್ತು. ರೌಟರಿನ ಹಿಂದಿನ ಇತರ ಪೋರ್ಟ್‌ಗಳಲ್ಲಿ ಒಂದಕ್ಕೆ ಫೈಲ್ ಸರ್ವರ್, ಇನ್ನೊಂದಕ್ಕೆ ಮೇಜುಗಳ ಕಂಪ್ಯೂಟರುಗಳನ್ನೆಲ್ಲ ಒಟ್ಟುಗೂಡಿಸುವ ಸ್ವಿಚ್ ಜೋಡಿಸಲಾಗಿತ್ತು. ಫೋನ್ ಮತ್ತು ಲ್ಯಾಪ್‌ಟಾಪ್‌ಗಳು ಅದೇ ರೌಟರಿನ ವೈಫೈ ಬಳಸುತ್ತಿದ್ದವು. ಸೇವಾ ಸಂಸ್ಥೆಗೆ ಲಾಗಿನ್ ಆಗುವ ಪಿಪಿಪಿಓಇ ಹೆಸರು ಮತ್ತು ಪಾಸ್‌ವರ್ಡ್ ಕೂಡ ರೌಟರಿನಲ್ಲೇ ಇದ್ದುದರಿಂದ, ಹೊರಗೆ ಹೋಗುವ ಪ್ರತಿಯೊಂದು ಪ್ಯಾಕೆಟ್ಟೂ ಆ ಒಂದೇ ಪೆಟ್ಟಿಗೆಯನ್ನು ದಾಟಬೇಕಿತ್ತು.

ರೌಟರ್ ಕೊಂಡಾಗ ಕಚೇರಿಯ ಪ್ಲಾನ್ 100 ಮೆಗಾಬಿಟ್‌ನದಾಗಿತ್ತು. ಆಗ ವೇಗ ಪರೀಕ್ಷೆ ಮಾಡಿದರೆ 93 ಅಥವಾ 94 ಬರುತ್ತಿತ್ತು. ನೂರಕ್ಕೆ ಅಷ್ಟು ಸಮೀಪದ ಸಂಖ್ಯೆಯನ್ನು ಯಾರೂ ಪ್ರಶ್ನಿಸುವುದಿಲ್ಲ, ಪ್ರಶ್ನಿಸಬೇಕಾದ ಕಾರಣವೂ ಆಗ ಇರಲಿಲ್ಲ. ಮುಂದೆ ಕೆಲಸ ಹೆಚ್ಚಾದಾಗ ಪ್ಲಾನನ್ನು ಎರಡೂ ದಿಕ್ಕಿನಲ್ಲಿ 300 ಮೆಗಾಬಿಟ್‌ಗೆ ಏರಿಸಿದರು. ಈ ಏರಿಕೆ ಸೇವಾ ಸಂಸ್ಥೆಯ ಕಡೆಯಲ್ಲಿ ಒಂದು ಪ್ರೊಫೈಲ್ ಬದಲಿಸಿದರೆ ಮುಗಿಯುವಂಥದ್ದು. ಯಾರೂ ಕಚೇರಿಗೆ ಬರಬೇಕಿರಲಿಲ್ಲ, ಬರಲೂ ಇಲ್ಲ. ಬಂದಿದ್ದರೆ ರೌಟರನ್ನು ಯಾರಾದರೂ ತಿರುಗಿಸಿ ನೋಡುತ್ತಿದ್ದರೇನೋ. ಅಂದಿನಿಂದ ಹದಿನಾಲ್ಕು ತಿಂಗಳು 300ರ ಬಿಲ್ ಕಟ್ಟುತ್ತಾ ನೂರಕ್ಕಿಂತ ಕಡಿಮೆ ವೇಗ ಪಡೆಯುತ್ತಿದ್ದರೂ ಕಚೇರಿಯಲ್ಲಿ ಯಾರಿಗೂ ಅದರ ಸುಳಿವು ಸಿಗಲಿಲ್ಲ.

ಇದು ಅಜಾಗರೂಕತೆ ಎಂದು ನನಗೆ ಅನಿಸುವುದಿಲ್ಲ. ಒಂದು ವಿಡಿಯೊ ಕರೆಗೆ ಕೆಲವೇ ಮೆಗಾಬಿಟ್ ಸಾಕು. ಜಾಲತಾಣವೊಂದು ತೆರೆದುಕೊಳ್ಳಲು ಹಿಡಿಯುವ ಸಮಯವನ್ನು ಬಹುಮಟ್ಟಿಗೆ ನಿರ್ಧರಿಸುವುದು ಸರ್ವರ್ ಉತ್ತರಿಸಲು ತೆಗೆದುಕೊಳ್ಳುವ ಸಮಯವೇ ಹೊರತು ಸಾಲಿನ ಗರಿಷ್ಠ ವೇಗವಲ್ಲ. ದಿನದ ಬಹುಪಾಲು ಹೊತ್ತಿನಲ್ಲಿ 94 ಮತ್ತು 300ರ ನಡುವಿನ ವ್ಯತ್ಯಾಸ ಬಳಸುವವರ ಅನುಭವಕ್ಕೆ ಬರುವುದೇ ಇಲ್ಲ.

ಸಮಸ್ಯೆ ತಲೆದೋರಿದ್ದು

ಕಚೇರಿಯವರು ದೂರದ ಸಂಗ್ರಹಕ್ಕೆ ಪ್ರತಿ ಸಂಜೆ ಬ್ಯಾಕಪ್ ಕಳುಹಿಸುವ ವ್ಯವಸ್ಥೆಯನ್ನು ಹೊಸದಾಗಿ ಶುರುಮಾಡಿದರು. ದಿನವೊಂದಕ್ಕೆ ಸುಮಾರು 120 ಗಿಗಾಬೈಟ್ ಹೋಗುತ್ತಿತ್ತು. ಸಂಜೆ ಆರಕ್ಕೆ ಬ್ಯಾಕಪ್ ಆರಂಭವಾದೊಡನೆ ವಿಡಿಯೊ ಕರೆಗಳಲ್ಲಿ ಮಾತು ತುಂಡಾಗತೊಡಗಿ, ಹೆಚ್ಚುಕಡಿಮೆ ಒಂಬತ್ತರವರೆಗೂ ಹಾಗೆಯೇ ಇರುತ್ತಿತ್ತು.

ಕಚೇರಿಯ ವ್ಯವಸ್ಥಾಪಕಿ ಲೆಕ್ಕ ಹಾಕಿ ನೋಡಿದರು. 120 ಗಿಗಾಬೈಟನ್ನು ಎಂಟರಿಂದ ಗುಣಿಸಿದರೆ 960 ಗಿಗಾಬಿಟ್. ಸೆಕೆಂಡಿಗೆ 300 ಮೆಗಾಬಿಟ್ ವೇಗದಲ್ಲಿ ಅದು 3,200 ಸೆಕೆಂಡು, ಅಂದರೆ ಒಂದು ಗಂಟೆಯೊಳಗಿನ ಕೆಲಸ. ಬ್ಯಾಕಪ್ ತಂತ್ರಾಂಶದ ದಾಖಲೆಯಲ್ಲಿ ಮಾತ್ರ ಪ್ರತಿದಿನವೂ ಎರಡೂಮುಕ್ಕಾಲು ಗಂಟೆಗಿಂತ ತುಸು ಹೆಚ್ಚೇ ಹಿಡಿದಿತ್ತು. ವೇಗ ಪರೀಕ್ಷೆ ಮಾಡಿದಾಗ ಬಂದ ಸಂಖ್ಯೆ 93.6.

ಅಲ್ಲಿಯೇ ಈ ಸಂಖ್ಯೆಯನ್ನು ಗುರುತು ಹಿಡಿಯುವವರು ಯಾರಾದರೂ ಇದ್ದಿದ್ದರೆ ಪ್ರಕರಣ ಆ ಸಂಜೆಯೇ ಮುಗಿಯುತ್ತಿತ್ತು. ಅದು ಎಲ್ಲಿಂದ ಬರುತ್ತದೆ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ನೂರು ಮೆಗಾಬಿಟ್ ಈಥರ್ನೆಟ್‌ನಲ್ಲಿ 1,500 ಬೈಟ್‌ಗಳ ಒಂದು ಪ್ಯಾಕೆಟ್ ತಂತಿಯ ಮೇಲೆ ಹಿಡಿಯುವ ಜಾಗ 1,538 ಬೈಟ್. ಮುಂದಿನ ತಲೆಬರಹ, ದೋಷ ಪತ್ತೆಗೆ ಕೊನೆಯಲ್ಲಿ ಸೇರಿಸುವ ತಾಳೆಸಂಖ್ಯೆ, ಎರಡು ಪ್ಯಾಕೆಟ್‌ಗಳ ನಡುವಿನ ತೆರವು ಎಲ್ಲವೂ ಅದರಲ್ಲಿ ಸೇರಿವೆ. ಆ 1,500ರೊಳಗಿನಿಂದ ಪಿಪಿಪಿಓಇ 8 ಬೈಟ್, ಐಪಿ ಮತ್ತು ಟಿಸಿಪಿ ತಲೆಬರಹಗಳು 40 ಬೈಟ್, ಟಿಸಿಪಿ ಸಮಯಮುದ್ರೆ ಬಳಕೆಯಲ್ಲಿದ್ದರೆ ಇನ್ನೂ 12 ಬೈಟ್ ಕಳೆದುಹೋಗಿ ನಿಜವಾದ ದತ್ತಾಂಶಕ್ಕೆ ಉಳಿಯುವುದು 1,440. ಅದನ್ನು 1,538ರಿಂದ ಭಾಗಿಸಿದರೆ ಶೇಕಡಾ 93.6. ಸಮಯಮುದ್ರೆ ಇಲ್ಲದ ಕಂಪ್ಯೂಟರಿನಲ್ಲಿ 94.4 ಬರುತ್ತದೆ. ಹೀಗಾಗಿ 93 ಮತ್ತು 95ರ ನಡುವೆ ಅಲುಗಾಡದೆ ನಿಲ್ಲುವ ವೇಗ ಕಂಡರೆ, ದಾರಿಯಲ್ಲಿ ಎಲ್ಲೋ ಒಂದು ನೂರು ಮೆಗಾಬಿಟ್ ಪೋರ್ಟ್ ತನ್ನ ಪೂರ್ತಿ ಸಾಮರ್ಥ್ಯದಲ್ಲಿ ಕೆಲಸ ಮಾಡುತ್ತಿದೆ ಎಂದು ಶಂಕಿಸಲು ಅಷ್ಟೇ ಸಾಕು. ಕೆಟ್ಟುಹೋದ ಉಪಕರಣ ಇಷ್ಟು ಅಚ್ಚುಕಟ್ಟಾದ ಸಂಖ್ಯೆ ಕೊಡುವುದು ಅಪರೂಪ.

ಮೊದಲು ಮಾಡಿದ ಪ್ರಯತ್ನಗಳು

ಕಚೇರಿಯವರ ಮೊದಲ ಅನುಮಾನ ವೈಫೈ ಮೇಲೆ ಬಿತ್ತು. ಚಾನೆಲ್ ಬದಲಿಸಿದರು, ರೌಟರನ್ನು ಕಪಾಟಿನ ಮೇಲಕ್ಕೆ ಸರಿಸಿದರು. ದೂರದ ಕೋಣೆಯಲ್ಲಿ 60 ಇದ್ದದ್ದು 80ರ ಹತ್ತಿರಕ್ಕೆ ಬಂತು, ಹತ್ತಿರದ ಕೋಣೆಯಲ್ಲಿ 93 ಇದ್ದದ್ದು 93ರಲ್ಲೇ ಉಳಿಯಿತು. ಬ್ಯಾಕಪ್ ಕಳುಹಿಸುತ್ತಿದ್ದ ಸರ್ವರ್ ತಂತಿಯಲ್ಲಿದ್ದುದರಿಂದ ವೈಫೈಗೂ ಅದಕ್ಕೂ ಸಂಬಂಧವೇ ಇರಲಿಲ್ಲ, ಆದರೆ ಒಂದು ಕೋಣೆಯಲ್ಲಿ ಸಂಖ್ಯೆ ಏರಿದ್ದು ದಾರಿ ಸರಿಯಾಗಿದೆ ಎಂಬ ಭಾವನೆಯನ್ನು ಹುಟ್ಟಿಸಿತು.

ರೌಟರಿನ ಮೇಲೆ ಯಾರಿಗೂ ಸಂಶಯ ಬಾರದಿರಲು ಅದರ ಪೆಟ್ಟಿಗೆಯೇ ಕಾರಣವಾಗಿತ್ತು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ 1200 ಎಂದು ಮುದ್ರಿಸಲಾಗಿತ್ತು. 300ರ ಪ್ಲಾನಿಗೆ 1200ರ ರೌಟರ್ ಸಾಲದು ಎಂದು ಯಾರಿಗೆ ಹೊಳೆಯುತ್ತದೆ? ಆ ಸಂಖ್ಯೆ ಎರಡು ರೇಡಿಯೊಗಳ ಸೈದ್ಧಾಂತಿಕ ಗರಿಷ್ಠ ವೇಗಗಳ ಮೊತ್ತ: 2.4 ಗಿಗಾಹರ್ಟ್ಸ್‌ನಲ್ಲಿ 300, 5 ಗಿಗಾಹರ್ಟ್ಸ್‌ನಲ್ಲಿ 867, ಎರಡನ್ನೂ ಕೂಡಿ ಮೇಲಕ್ಕೆ ದುಂಡಾಗಿಸಿದ ಅಂಕಿ. ಹಿಂಬದಿಯ ತಂತಿ ಪೋರ್ಟ್‌ಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಒಂದು ಫೋನಿನ ಜೊತೆ 867 ಮೆಗಾಬಿಟ್ ಸಂಪರ್ಕ ಹೊಂದಬಲ್ಲ ರೇಡಿಯೊ, ಹೊರಗಿನ ಸಾಲಿಗೆ ನೂರೇ ಮೆಗಾಬಿಟ್ ಪೋರ್ಟ್, ಈ ಜೋಡಣೆ ವಿಚಿತ್ರವಾಗಿ ಕಂಡರೂ ಕಡಿಮೆ ಬೆಲೆಯ ರೌಟರುಗಳಲ್ಲಿ ಬಹಳ ವರ್ಷ ಚಾಲ್ತಿಯಲ್ಲಿತ್ತು. ತಂತಿಯ ಮೇಲಿನ ಗಿಗಾಬಿಟ್ ಈಥರ್ನೆಟ್‌ನ ಮಾನದಂಡ 1999ರಷ್ಟು ಹಿಂದೆಯೇ ಬಂದಿತ್ತು. ಆದರೂ ಬಹುತೇಕ ಪ್ಲಾನ್‌ಗಳು ನೂರರ ಕೆಳಗಿದ್ದ ಕಾಲದಲ್ಲಿ ತಯಾರಕರಿಗೆ ಅಗ್ಗದ ಪೋರ್ಟ್ ಹಾಕುವುದೇ ಲಾಭವಾಗಿತ್ತು.

ಎರಡನೆಯ ಪ್ರಯತ್ನವನ್ನು ನಾನು ಈ ಪ್ರಕರಣದ ಮೊದಲ ತಿರುವು ಎಂದು ಪರಿಗಣಿಸುತ್ತೇನೆ. ಬ್ಯಾಕಪ್ ತಂತ್ರಾಂಶದಲ್ಲಿ ಅಪ್‌ಲೋಡ್ ವೇಗಕ್ಕೆ 60 ಮೆಗಾಬಿಟ್ ಮಿತಿ ಹಾಕಿದರು. ಕರೆಗಳು ಕೂಡಲೇ ಸರಿಹೋದವು, ದೂರುಗಳು ನಿಂತವು. ವಿಡಿಯೊ ಕರೆ ಒಡೆಯುತ್ತಿದ್ದದ್ದಕ್ಕೆ ಕಾರಣ, ಬ್ಯಾಕಪ್ ವ್ಯಾನ್ ಪೋರ್ಟನ್ನು ಪೂರ್ತಿ ತುಂಬಿ ರೌಟರಿನೊಳಗೆ ಪ್ಯಾಕೆಟ್‌ಗಳ ಉದ್ದನೆಯ ಸಾಲು ಕಟ್ಟಿಸುತ್ತಿದ್ದುದು. ಮಿತಿ ಹಾಕಿದಾಗ ಸಾಲು ಕರಗಿತು. ಆದರೆ ಲಕ್ಷಣ ಮರೆಯಾದದ್ದರಿಂದ ಹುಡುಕಾಟವೂ ಅಲ್ಲಿಗೇ ನಿಂತಿತು. ಬ್ಯಾಕಪ್ ಈಗ ನಾಲ್ಕೂವರೆ ಗಂಟೆ ಹಿಡಿಯುತ್ತಿದ್ದರೂ ಅದು ರಾತ್ರಿಯ ಕೆಲಸವೆಂದು ಒಪ್ಪಿಕೊಂಡರು. ದಿನದ ಬದಲಾವಣೆಗಳ ಗಾತ್ರ ಬೆಳೆದು, ಬ್ಯಾಕಪ್ ನಡುರಾತ್ರಿ ದಾಟಿ ಮುಂದಿನ ನಿಗದಿತ ಕೆಲಸಕ್ಕೆ ಅಡ್ಡಬಂದಾಗಲೇ ವ್ಯವಸ್ಥಾಪಕಿ ಮತ್ತೆ ಆ ಲೆಕ್ಕವನ್ನು ಕೈಗೆತ್ತಿಕೊಂಡರು.

ಈ ಬಾರಿ ಅವರು ಕ್ರಮಬದ್ಧವಾಗಿಯೇ ನಡೆದರು. ತಮ್ಮ ಮೇಜಿನ ಕಂಪ್ಯೂಟರಿನ ತಂತಿ ಸಂಪರ್ಕ ಎಷ್ಟಿದೆ ಎಂದು ಪರಿಶೀಲಿಸಿದರು. ಅದು 1 ಗಿಗಾಬಿಟ್ ಎಂದು ತೋರಿಸಿತು. ಆದ್ದರಿಂದ ಒಳಗಿನ ತಂತಿಗಳು ಸರಿ ಇವೆ ಎಂದು ತೀರ್ಮಾನಿಸಿದರು. ಕಂಪ್ಯೂಟರ್ ತೋರಿಸುವ ಆ ಸಂಖ್ಯೆ ಅದರ ಕೇಬಲ್ಲಿನ ಇನ್ನೊಂದು ತುದಿಯಲ್ಲಿರುವ ಉಪಕರಣದ ಜೊತೆಗಿನ ಒಪ್ಪಂದವನ್ನು ಮಾತ್ರ ಹೇಳುತ್ತದೆ. ಇಲ್ಲಿ ಆ ಇನ್ನೊಂದು ತುದಿಯಲ್ಲಿದ್ದದ್ದು ಗಿಗಾಬಿಟ್ ಸ್ವಿಚ್. ಸ್ವಿಚ್ಚಿನಿಂದ ರೌಟರಿಗೆ ಹೋಗುವ ಒಂದು ಮೊಳದ ಕೇಬಲ್ ನೂರರಲ್ಲಿ ನಡೆಯುತ್ತಿದ್ದುದನ್ನು ಮೇಜಿನ ಮುಂದೆ ಕುಳಿತವರು ಕಾಣುವ ಮಾರ್ಗವೇ ಇರಲಿಲ್ಲ.

ಮುಂದಿನ ಹೆಜ್ಜೆಯಾಗಿ ರೌಟರನ್ನೇ ಬದಿಗಿಟ್ಟು, ಲ್ಯಾಪ್‌ಟಾಪನ್ನು ನೇರವಾಗಿ ಓಎನ್‌ಟಿಗೆ ಜೋಡಿಸಿ, ಅದರಲ್ಲಿಯೇ ಪಿಪಿಪಿಓಇ ಲಾಗಿನ್ ಮಾಡಿ ಪರೀಕ್ಷಿಸಿದರು. ತತ್ವತಃ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಫಲಿತಾಂಶ 94.4. ರೌಟರ್ ಇಲ್ಲದೆಯೂ ಅದೇ ವೇಗ ಬಂದ ಮೇಲೆ ತಪ್ಪು ಸಾಲಿನಲ್ಲಿದೆ ಎಂದು ನಂಬುವುದು ಸಹಜವೇ. ಸೇವಾ ಸಂಸ್ಥೆಗೆ ದೂರು ಹೋಯಿತು.

ಬಂದ ತಂತ್ರಜ್ಞರು ಅದೇ ಓಎನ್‌ಟಿಗೆ ತಮ್ಮ ಲ್ಯಾಪ್‌ಟಾಪ್ ಜೋಡಿಸಿ 290ರ ಆಸುಪಾಸಿನ ಸಂಖ್ಯೆಯನ್ನು ತೋರಿಸಿದರು. “ಮೇಡಂ, ನಮ್ಮ ಕಡೆ ಎಲ್ಲ ಸರಿ ಇದೆ, ನಿಮ್ಮ ರೌಟರ್ ನೋಡಿಸಿ” ಎಂದರು. “ರೌಟರ್ ತೆಗೆದು ನೋಡಿದ್ದೇನೆ, ಆಗಲೂ ಇಷ್ಟೇ ಬಂತಲ್ಲ” ಎಂದು ಇವರು. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದರು, ಮತ್ತು ಇಬ್ಬರ ಅಳತೆಯೂ ನಿಜವಾಗಿತ್ತು. ತಂತ್ರಜ್ಞರು ಹೋದ ಮೇಲೆ ರೌಟರನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಫರ್ಮ್‌ವೇರ್ ಹೊಸದು ಹಾಕಿ, ಕೇಬಲ್ ಕೂಡ ಬದಲಿಸಿದರು. ಸಂಖ್ಯೆ ಒಂದಿಷ್ಟೂ ಕದಲಲಿಲ್ಲ. ನನಗೆ ಕರೆ ಬಂದದ್ದು ಈ ಹಂತದಲ್ಲಿ.

ಪತ್ತೆಯಾದದ್ದು

ವ್ಯವಸ್ಥಾಪಕಿ ಪ್ರತಿ ಪರೀಕ್ಷೆಯನ್ನೂ ಗಂಟೆ, ಸಾಧನ, ಜಾಗ ಸಹಿತ ಬರೆದಿಟ್ಟಿದ್ದರು. ಆ ಪಟ್ಟಿಯೇ ಅರ್ಧ ಕೆಲಸ ಮಾಡಿಕೊಟ್ಟಿತು. ಬೆಳಿಗ್ಗೆಯೂ ರಾತ್ರಿಯೂ, ರಜೆಯ ದಿನವೂ ಕೆಲಸದ ದಿನವೂ, ಡೌನ್‌ಲೋಡೂ ಅಪ್‌ಲೋಡೂ ಒಂದೇ ಎತ್ತರದಲ್ಲಿ ನಿಂತಿದ್ದವು. ಜನದಟ್ಟಣೆಯಿಂದ ಬಳಲುವ ಸಾಲು ಸಂಜೆ ಕುಸಿದು ನಸುಕಿನಲ್ಲಿ ಚೇತರಿಸಿಕೊಳ್ಳುತ್ತದೆ. ವೈಫೈ ದೋಷವಿದ್ದರೆ ಸಾಧನಕ್ಕೊಂದು, ಕೋಣೆಗೊಂದು ಸಂಖ್ಯೆ ಬರುತ್ತದೆ. ಇಲ್ಲಿ ವೈಫೈ ಸಂಖ್ಯೆಗಳು ಕೆಳಗೆ ಚದುರಿದ್ದರೂ ಒಂದೇ ಒಂದು ಕೂಡ 94.4ನ್ನು ಮೀರಿರಲಿಲ್ಲ.

ನಿಜವಾದ ತಿರುವು ಬಂದದ್ದು ಇಂಟರ್ನೆಟ್‌ಗೆ ಸಂಬಂಧವೇ ಇಲ್ಲದ ಒಂದು ಮಾತಿನಿಂದ. ಕಚೇರಿಯ ಹಿರಿಯ ವಿನ್ಯಾಸಕರೊಬ್ಬರು, ಫೈಲ್ ಸರ್ವರ್‌ನಿಂದ ದೊಡ್ಡ ಕಡತ ತೆಗೆಯುವಾಗ ಪರದೆಯ ಮೇಲೆ ಯಾವಾಗಲೂ 11.2 ಎಂದೇ ಬರುತ್ತದೆ, ಸರ್ವರ್ ಹಳೆಯದಾಯಿತೇನೋ ಎಂದು ತಾವು ಅಂದುಕೊಂಡಿದ್ದಾಗಿ ಹೇಳಿದರು. ಅದು ಸೆಕೆಂಡಿಗೆ ಮೆಗಾಬೈಟ್‌ಗಳಲ್ಲಿ ಕೊಡುವ ಲೆಕ್ಕ. ವಿಂಡೋಸ್ ಒಂದು ಮೆಗಾಬೈಟನ್ನು 1,048,576 ಬೈಟ್ ಎಂದು ಎಣಿಸುತ್ತದೆ. ಆ ಪ್ರಕಾರ 11.2ನ್ನು ಬಿಟ್‌ಗಳಿಗೆ ಬದಲಿಸಿದರೆ ಸುಮಾರು 94 ಮೆಗಾಬಿಟ್ ಆಗುತ್ತದೆ. ಮೇಜಿನಿಂದ ಸರ್ವರ್‌ಗೆ ಹೋಗುವ ದಾರಿಯಲ್ಲಿ ಫೈಬರೂ ಇಲ್ಲ, ಓಎನ್‌ಟಿಯೂ ಇಲ್ಲ, ಸೇವಾ ಸಂಸ್ಥೆಯೂ ಇಲ್ಲ. ಸ್ವಿಚ್ ಮತ್ತು ಸರ್ವರ್ ನಡುವೆ ಇದ್ದದ್ದು ರೌಟರಿನ ಎರಡು ಪೋರ್ಟ್ ಮಾತ್ರ. ಸೇವಾ ಸಂಸ್ಥೆಯ ಜೊತೆಗಿನ ವಾದಕ್ಕೆ ಇನ್ನು ಅರ್ಥವಿರಲಿಲ್ಲ.

ಉಳಿದದ್ದು ದೃಢೀಕರಣ. ಈ ರೌಟರಿನ ನಿರ್ವಹಣಾ ಪುಟ ಪೋರ್ಟ್ ವೇಗವನ್ನು ತೋರಿಸುತ್ತಿರಲಿಲ್ಲ. ಓಎನ್‌ಟಿಯ ಪುಟ ತೋರಿಸುತ್ತಿತ್ತು. ಅಲ್ಲಿ ರೌಟರಿನ ಕಡೆಯ ಪೋರ್ಟಿನ ಎದುರು `100Mbps Full Duplex` ಎಂದಿತ್ತು. ಗಿಗಾಬಿಟ್ ಪೋರ್ಟ್ ಇರುವ ಲ್ಯಾಪ್‌ಟಾಪನ್ನು ಅದೇ ಕೇಬಲ್ಲಿನಿಂದ ಓಎನ್‌ಟಿಗೆ ಜೋಡಿಸಿದಾಗ 1 ಗಿಗಾಬಿಟ್, ಅದೇ ಲ್ಯಾಪ್‌ಟಾಪನ್ನು ಅದೇ ಕೇಬಲ್ಲಿನಿಂದ ರೌಟರಿಗೆ ಜೋಡಿಸಿದಾಗ 100. ಕೇಬಲ್ ಮತ್ತು ಲ್ಯಾಪ್‌ಟಾಪ್ ಎರಡೂ ಬದಲಾಗದಿದ್ದುದರಿಂದ ಉತ್ತರ ಒಂದೇ ಕಡೆ ಬೆರಳು ತೋರಿಸಿತು. ಕೊನೆಗೆ ಮಾದರಿ ಸಂಖ್ಯೆ ನೋಡಿ ತಯಾರಕರ ವಿವರಣಾ ಪತ್ರ ತೆರೆದರೆ, ಎಲ್ಲ ಐದು ಪೋರ್ಟ್‌ಗಳೂ 10/100 ಎಂದು ಸಣ್ಣ ಅಕ್ಷರಗಳಲ್ಲಿ ಬರೆದಿತ್ತು.

ಹಾಗಾದರೆ ರೌಟರ್ ಇಲ್ಲದ ಪರೀಕ್ಷೆಯಲ್ಲಿ 94.4 ಬಂದದ್ದೇಕೆ? ವ್ಯವಸ್ಥಾಪಕಿಯ ಲ್ಯಾಪ್‌ಟಾಪ್ ತೆಳ್ಳನೆಯದು, ಅದಕ್ಕೆ ಈಥರ್ನೆಟ್ ಕಿಂಡಿಯೇ ಇರಲಿಲ್ಲ; ಯುಎಸ್‌ಬಿಗೆ ಸಿಕ್ಕಿಸುವ ಒಂದು ಹಳೆಯ ಡಾಂಗಲ್ ಬಳಸಿದ್ದರು. ಅದನ್ನು ಸಿಕ್ಕಿಸಿ ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಈ ಆದೇಶ ಕೊಟ್ಟೆವು:

```
Get-NetAdapter | Select-Object Name, LinkSpeed
```

ಡಾಂಗಲ್‌ನ ಎದುರು `100 Mbps` ಬಂತು. ಅದೂ ನೂರು ಮೆಗಾಬಿಟ್ ಸಾಧನವೇ. ರೌಟರೆಂಬ ತಡೆಯನ್ನು ತೆಗೆದ ಕ್ಷಣದಲ್ಲೇ ಅಷ್ಟೇ ಎತ್ತರದ ಇನ್ನೊಂದು ತಡೆ ಅದರ ಜಾಗಕ್ಕೆ ಬಂದು ಕುಳಿತಿತ್ತು. ಲಿನಕ್ಸ್ ಬಳಸುವವರು ಇದೇ ಮಾಹಿತಿಯನ್ನು ಹೀಗೆ ಪಡೆಯಬಹುದು. ಇಂಟರ್‌ಫೇಸ್ ಹೆಸರನ್ನು ತಮ್ಮ ಯಂತ್ರಕ್ಕೆ ತಕ್ಕಂತೆ ಬದಲಿಸಿಕೊಳ್ಳಬೇಕು:

```
ethtool enp3s0 | grep Speed
```

ತೀರ್ಮಾನ ಮತ್ತು ಫಲಿತಾಂಶ

ಮೂರು ದಾರಿಗಳು ಎದುರಿಗಿದ್ದವು. ಪ್ಲಾನನ್ನು ಮತ್ತೆ ನೂರಕ್ಕೆ ಇಳಿಸುವುದು ಒಂದು, ಮತ್ತು ಅದು ತಳ್ಳಿಹಾಕುವಂಥ ಯೋಚನೆಯೇನೂ ಅಲ್ಲ. ಹದಿನಾಲ್ಕು ತಿಂಗಳು ಯಾರಿಗೂ ಕೊರತೆ ಕಾಣದಿದ್ದರೆ ಆ ವೇಗ ಬೇಕಿತ್ತೇ ಎಂಬ ಪ್ರಶ್ನೆ ನ್ಯಾಯವಾದದ್ದು. ಸಂಜೆಯ ಬ್ಯಾಕಪ್ ಇರುವ ತನಕ ಬೇಕು ಎಂಬುದು ಕಚೇರಿಯ ಉತ್ತರವಾಗಿತ್ತು. ಎರಡನೆಯದು ಓಎನ್‌ಟಿಯಲ್ಲೇ ಇದ್ದ ರೌಟಿಂಗ್ ಸೌಲಭ್ಯ ಬಳಸಿ, ಸ್ವಿಚ್ಚನ್ನು ನೇರವಾಗಿ ಅದಕ್ಕೆ ಜೋಡಿಸಿ, ಹಳೆಯ ರೌಟರನ್ನು ಬರೀ ವೈಫೈಗೆ ಇಟ್ಟುಕೊಳ್ಳುವುದು. ಇದರಿಂದ ತಂತಿಯ ಯಂತ್ರಗಳಿಗೆ ಪೂರ್ತಿ ವೇಗ ಸಿಗುತ್ತಿತ್ತು, ವೈಫೈ ಮಾತ್ರ ನೂರರ ಪೋರ್ಟಿನ ಹಿಂದೆಯೇ ಉಳಿಯುತ್ತಿತ್ತು. ಆ ಸೆಟ್ಟಿಂಗ್‌ಗಳು ಸೇವಾ ಸಂಸ್ಥೆಯ ಹಿಡಿತದಲ್ಲಿದ್ದು, ಪ್ರತಿ ಬದಲಾವಣೆಗೂ ಅವರನ್ನು ಕೇಳಬೇಕಾಗಿದ್ದರಿಂದ ಅದನ್ನು ಬಿಟ್ಟರು. ಮೂರನೆಯದಾದ, ಎಲ್ಲ ಪೋರ್ಟೂ ಗಿಗಾಬಿಟ್ ಇರುವ ಹೊಸ ರೌಟರನ್ನು ಆರಿಸಿದರು. ಫೈಲ್ ಸರ್ವರ್‌ನ ಕೇಬಲ್ಲನ್ನು ರೌಟರಿನಿಂದ ತೆಗೆದು ಸ್ವಿಚ್ಚಿಗೆ ಹಾಕಿದೆವು, ಒಳಗಿನ ಸಂಚಾರ ರೌಟರನ್ನು ಮುಟ್ಟುವ ಅಗತ್ಯವೇ ಇರಲಿಲ್ಲ.

ವೇಗ ಪರೀಕ್ಷೆ 280ರಿಂದ 290ರ ನಡುವೆ ಬರತೊಡಗಿತು. ಬ್ಯಾಕಪ್‌ನ 60ರ ಮಿತಿಯನ್ನು ತೆಗೆದು 220ಕ್ಕೆ ಇಟ್ಟೆವು. ಪೂರ್ತಿ ತೆಗೆದಿದ್ದರೆ ಸಾಲು ಮತ್ತೆ ತುಂಬಿ ಕರೆಗಳಿಗೆ ತೊಂದರೆಯಾಗುತ್ತಿತ್ತು, ಈ ಬಾರಿ ಇನ್ನೂ ಎತ್ತರದಲ್ಲಿ. ಸರ್ವರ್‌ನಿಂದ ಕಡತ ತೆಗೆಯುವ ವೇಗ ಸೆಕೆಂಡಿಗೆ ನೂರು ಮೆಗಾಬೈಟ್‌ನ ಹತ್ತಿರಕ್ಕೆ ಏರಿತು. ಸರ್ವರ್ ಬದಲಿಸುವ ಪ್ರಸ್ತಾಪವನ್ನು ಕಚೇರಿ ಕೈಬಿಟ್ಟಿತು.

ಎಲ್ಲ ಮುಗಿದರೂ ಒಂದು ಮೇಜಿನಲ್ಲಿ ಮಾತ್ರ 94 ಹಾಗೆಯೇ ಉಳಿದಿತ್ತು. ಅಲ್ಲಿಯ ಕಂಪ್ಯೂಟರ್ ತನ್ನ ಸಂಪರ್ಕ 100 ಎಂದು ನೇರವಾಗಿಯೇ ಹೇಳುತ್ತಿತ್ತು. ಗೋಡೆಯ ಸಾಕೆಟ್ ಬಿಚ್ಚಿದಾಗ, ಒಂದೇ ಕೇಬಲ್ಲಿನ ನಾಲ್ಕು ಜೋಡಿ ತಂತಿಗಳನ್ನು ಎರಡೆರಡಾಗಿ ಹಂಚಿ ಕಂಪ್ಯೂಟರಿಗೂ ಪ್ರಿಂಟರಿಗೂ ಕೊಟ್ಟಿದ್ದು ಕಂಡಿತು. ನೂರು ಮೆಗಾಬಿಟ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ತಂತಿ ಹಾಕಿದ ಕಾಲದಲ್ಲಿ ಅದು ಜಾಣತನದ ಉಳಿತಾಯವೇ ಆಗಿದ್ದಿರಬೇಕು. ನಾಲ್ಕು ಜೋಡಿಯನ್ನೂ ಕಂಪ್ಯೂಟರಿನ ಸಾಕೆಟ್ಟಿಗೆ ಕೊಟ್ಟು ಪ್ರಿಂಟರನ್ನು ವೈಫೈಗೆ ಬದಲಿಸಲಾಯಿತು.

ನಿರ್ಧಾರಗಳ ಮರುಪರಿಶೀಲನೆ

ಈ ಪ್ರಕರಣದಲ್ಲಿ ವೇಗ ಪರೀಕ್ಷೆಗಳು ಬೇಕಾದಷ್ಟು ನಡೆದವು, ಪೋರ್ಟ್‌ಗಳ ಸಂಪರ್ಕ ವೇಗವನ್ನು ಮಾತ್ರ ಒಂದೇ ಕಡೆ ನೋಡಲಾಯಿತು. ವೇಗ ಪರೀಕ್ಷೆ ಇಡೀ ದಾರಿಯ ಅತಿ ಕಿರಿದಾದ ಜಾಗದ ಅಗಲ ಹೇಳುತ್ತದೆ, ಆ ಜಾಗ ಎಲ್ಲಿದೆ ಎಂದು ಹೇಳುವುದಿಲ್ಲ. ಓಎನ್‌ಟಿಯಿಂದ ರೌಟರ್, ರೌಟರಿನಿಂದ ಸ್ವಿಚ್, ಸ್ವಿಚ್ಚಿನಿಂದ ಮೇಜು, ಹೀಗೆ ಪ್ರತಿ ಕೇಬಲ್ಲಿಗೂ ಒಂದು ಸಂಪರ್ಕ ವೇಗವಿದೆ. ಕಾಗದದ ಮೇಲೆ ಚಿತ್ರ ಬರೆದು ಒಂದೊಂದರ ಪಕ್ಕದಲ್ಲೂ ಅದನ್ನು ಬರೆಯುತ್ತ ಹೋಗಿದ್ದರೆ ಮೊದಲನೆಯ ಕೇಬಲ್ಲಿಗೇ ಪತ್ತೆಯಾಗುತ್ತಿತ್ತು. ಪರೀಕ್ಷೆಗೆ ಬಳಸುವ ಸಾಧನವೂ ಆ ಚಿತ್ರದ ಒಂದು ಭಾಗವೇ. ಡಾಂಗಲ್‌ನ ಸಂಪರ್ಕ ವೇಗವನ್ನು ನೋಡಿದ್ದರೆ ದೂರು ಕೊಡುವ ಪ್ರಸಂಗವೇ ಬರುತ್ತಿರಲಿಲ್ಲ.

94 ಕಂಡ ಕೂಡಲೇ ರೌಟರ್ ಬದಲಿಸಲು ಹೊರಡುವುದನ್ನೂ ನಾನು ಸಲಹೆ ಮಾಡುವುದಿಲ್ಲ. ಗಿಗಾಬಿಟ್ ಪೋರ್ಟ್ ಇರುವ ರೌಟರಿನಲ್ಲಿಯೂ ಕೇಬಲ್ಲಿನ ಒಂದು ತಂತಿ ತುಂಡಾದರೆ, ಅಥವಾ ಪ್ಲಗ್ಗಿನ ಒಂದು ಪಿನ್ ಸರಿಯಾಗಿ ಕೂರದಿದ್ದರೆ, ಸಂಪರ್ಕ ತಾನಾಗಿಯೇ ನೂರಕ್ಕೆ ಇಳಿದು ಅದೇ ಸಂಖ್ಯೆಯನ್ನು ಕೊಡಬಹುದು. ಆಗ ಬೇಕಾದದ್ದು ಹೊಸ ಕೇಬಲ್ ಅಷ್ಟೇ. ಸೇವಾ ಸಂಸ್ಥೆ ಹೊಸ ಪ್ಲಾನಿನ ಪ್ರೊಫೈಲ್ ಹಾಕುವುದನ್ನೇ ಮರೆತಿದ್ದರೂ ಪರೀಕ್ಷೆ ನೂರರ ಸುತ್ತಲೇ ನಿಲ್ಲುತ್ತದೆ. ಈ ಮೂರನ್ನು ಬೇರ್ಪಡಿಸಲು ಓಎನ್‌ಟಿಯ ಪುಟವನ್ನೇ ಮೊದಲು ತೆರೆಯಬೇಕು. ಅಲ್ಲಿ 1000 ಎಂದಿದ್ದರೆ ಓಎನ್‌ಟಿ ಮತ್ತು ರೌಟರಿನ ನಡುವಿನ ಜೋಡಣೆ ನಿರ್ದೋಷಿ, ಗಮನ ಸೇವಾ ಸಂಸ್ಥೆಯ ಕಡೆಗೋ ರೌಟರಿನ ಆಚೆಗಿನ ಕೇಬಲ್ಲುಗಳ ಕಡೆಗೋ ಹೋಗಬೇಕು. 100 ಎಂದಿದ್ದರೆ ಕೇಬಲ್ ಬದಲಿಸಿ ಮತ್ತೊಮ್ಮೆ ನೋಡಬೇಕು. ಆಗಲೂ 100 ಇದ್ದರೆ ರೌಟರಿನ ಮಾದರಿ ಸಂಖ್ಯೆಯನ್ನು ಹಿಡಿದು ವಿವರಣಾ ಪತ್ರದಲ್ಲಿ ಪೋರ್ಟ್‌ಗಳ ಸಾಲನ್ನು ಓದಬೇಕು.